ಗೋಲ್‌ಕೀಪರ್ ಮಗನ ಒಡಕು ದನಿ

ಏಪ್ರಿಲ್, ಮೇ ಬಂತೆಂದರೆ ಕೊಡಗಿನಲ್ಲಿ ಹಾಕಿಯದೇ ಮಾತು. ಮೂರನೇ ಕ್ಲಾಸ್ ಮುಗಿಸಿದ ನನ್ನ ಮಗನೂ ಆ ರಜೆಯಲ್ಲಿ ಊರಿನ ಬೇಸಿಗೆ ಶಿಬಿರಕ್ಕೆ ಸೇರಿದ. ಗೋಲ್‌ಕೀಪರ್ ಆದ. ಇಡೀ ಮೈದಾನ ಕಾಣುವುದು ಗೋಲ್‌ಕೀಪರಿಗೆ ಮಾತ್ರ, ಹಾಗಾಗಿ ಮುಂದೆ ನಿಂತ ಹುಡುಗರಿಗೆ "ಎಡಕ್ಕೆ ಹೋಗೋ, ಅವನನ್ನ ಹಿಡಿಯೋ" ಎಂದು ಆಟ ಮುಗಿಯುವವರೆಗೂ ಕೂಗುತ್ತಲೇ ಇರಬೇಕು. ಶಿಬಿರ ಮುಗಿಯುವ ಹೊತ್ತಿಗೆ ಅವನ ದನಿ ಒಡೆದಿತ್ತು.

ಜೂನ್‌ನಲ್ಲಿ ಶಾಲೆ ಶುರುವಾಯಿತು, ಮಳೆಯೂ ಹಿಡಿಯಿತು. ದನಿ ಹಾಗೆಯೇ ಇತ್ತು. "ಮಳೆ ಥಂಡಿ ಕಣೇ, ಮೆಣಸಿನ ಕಷಾಯ ಕೊಡು" ಎಂದರು ಅತ್ತೆ. ಆದರೆ ಅವನಿಗೆ ಜ್ವರ, ಕೆಮ್ಮು, ಮೂಗು ಸೋರುವುದು ಯಾವುದೂ ಇರಲಿಲ್ಲ. ಬೆಳಿಗ್ಗೆ ಎದ್ದಾಗ ದನಿ ಪರವಾಗಿಲ್ಲ ಎನಿಸುತ್ತಿತ್ತು, ಶಾಲೆಯಿಂದ ಬರುವಷ್ಟರಲ್ಲಿ ಗೊರಗೊರ. ಹಾಡುವಾಗ ಮೇಲಿನ ಸ್ವರದಲ್ಲಿ ದನಿಯೇ ಇಲ್ಲದೆ ಬರೀ ಗಾಳಿ ಬರುತ್ತಿತ್ತು. ನಮ್ಮ ಮಕ್ಕಳ ಡಾಕ್ಟರು ಔಷಧಿ ಬರೆಯಲಿಲ್ಲ. "ಶೀತದಿಂದ ಬಿದ್ದ ದನಿ ಒಂದೆರಡು ವಾರದಲ್ಲಿ ಏಳಬೇಕು. ನಾಲ್ಕು ವಾರ ದಾಟಿದರೂ ಸುಧಾರಿಸದಿದ್ದರೆ ಗಂಟಲೊಳಗೆ ಕ್ಯಾಮೆರಾ ಇಟ್ಟು ನೋಡಲೇಬೇಕು" ಎಂದು ಮೈಸೂರಿನ ಇಎನ್‌ಟಿ ಡಾಕ್ಟರ ಹತ್ತಿರ ಕಳಿಸಿದರು.

ಆ ಡಾಕ್ಟರು ಮೊದಲು ಕೇಳಿದ ಪ್ರಶ್ನೆಗಳು ನನಗೆ ಚೆನ್ನಾಗಿ ನೆನಪಿವೆ. ಹುಟ್ಟಿದಾಗ ಅಳು ಗಟ್ಟಿಯಾಗಿತ್ತಾ? ಯಾವಾಗಲಾದರೂ ಉಸಿರಾಟಕ್ಕೆಂದು ಗಂಟಲಿಗೆ ನಳಿಗೆ ಹಾಕಿದ್ದರಾ? ನಿದ್ದೆಯಲ್ಲೋ ಓಡುವಾಗಲೋ ಉಸಿರು ಎಳೆದುಕೊಳ್ಳುವಾಗ ಸದ್ದು ಬರುತ್ತಾ? ನೀರು ಕುಡಿದರೆ ನೆತ್ತಿಗೇರುತ್ತಾ? ದನಿ ದಿನದಿಂದ ದಿನಕ್ಕೆ ಕೆಡುತ್ತಲೇ ಇದೆಯಾ, ಇಲ್ಲ ಏರಿಳಿತ ಇದೆಯಾ? ಇವುಗಳಲ್ಲಿ ಉಸಿರಿನ ಸದ್ದು ಇದ್ದರೆ ನಾಲ್ಕು ವಾರ ಕಾಯುವ ಮಾತೇ ಇಲ್ಲವಂತೆ. ಕೆಲವು ಮಕ್ಕಳಿಗೆ ವೈರಸ್‌ನಿಂದ ಗಂಟಲ ಪೆಟ್ಟಿಗೆಯಲ್ಲಿ ನರುಲಿಯಂಥ ಬೆಳವಣಿಗೆ ಆಗುತ್ತದೆ. ಮೊದಲು ಬರುವುದು ಇಂಥದೇ ಒಡಕು ದನಿ, ಆಮೇಲೆ ಅದು ಉಸಿರಿನ ದಾರಿಯನ್ನೇ ಕಟ್ಟಬಹುದು. ಅದನ್ನು ಉಬ್ಬಸ ಅಂದುಕೊಂಡು ತಿಂಗಳುಗಟ್ಟಲೆ ಔಷಧಿ ಕೊಡುವುದೂ ಉಂಟು. "ಕೂಗುವ ಹುಡುಗ ಅಂದಮಾತ್ರಕ್ಕೆ ಕೂಗಿಯೇ ದನಿ ಕೆಟ್ಟಿದೆ ಅಂತ ಹೇಗಮ್ಮ ಹೇಳೋದು? ಕಿವಿಯಲ್ಲಿ ಕೇಳಿದರೆ ಎರಡೂ ಒಂದೇ ಥರ" ಎಂದರು.

ಮೂಗಿಗೆ ಮರಗಟ್ಟುವ ಸ್ಪ್ರೇ ಹೊಡೆದು, ಸಪೂರ ಬಳುಕುವ ನಳಿಗೆಯನ್ನು ಮೂಗಿನಿಂದ ಒಳಗಿಳಿಸಿದರು. ಮಗ ನನ್ನ ತೊಡೆಯ ಮೇಲಿದ್ದ. ಕಣ್ಣಲ್ಲಿ ನೀರು ಬಂತು, ನೋವಾಗಲಿಲ್ಲ ಎಂದು ಆಮೇಲೆ ಅವನೇ ಹೇಳಿದ. "ಈ ಅನ್ನು ಮರಿ" ಎಂದಾಗ ಪರದೆಯ ಮೇಲೆ ಎರಡು ಬಿಳಿ ಪಟ್ಟಿಗಳು ಹತ್ತಿರ ಬಂದವು. ಅವೇ ಧ್ವನಿ ತಂತುಗಳು. ಎರಡರ ಮೇಲೂ, ಮುಂದಿನಿಂದ ಸುಮಾರು ಮೂರನೇ ಒಂದು ಭಾಗದಲ್ಲಿ, ಎದುರುಬದುರಾಗಿ ಒಂದೊಂದು ಪುಟ್ಟ ಉಬ್ಬು. ಉಬ್ಬುಗಳು ಮೊದಲು ತಾಗುವುದರಿಂದ ಅವುಗಳ ಹಿಂದೆ, ಮುಂದೆ ಸಂದು ಉಳಿದು ಗಾಳಿ ಸೋರುತ್ತಿತ್ತು.

ಮಾತಾಡುವಾಗ ಮಕ್ಕಳ ತಂತುಗಳು ಸೆಕೆಂಡಿಗೆ 250ಕ್ಕೂ ಹೆಚ್ಚು ಸಲ ಒಂದಕ್ಕೊಂದು ತಾಗುತ್ತವೆ. ಕೂಗಿದಾಗ ಆ ಪೆಟ್ಟು ಜೋರಾಗಿ ಬೀಳುವುದು ಅದೇ ಜಾಗಕ್ಕೆ. ತೋಟದಲ್ಲಿ ಕತ್ತಿ ಹಿಡಿದವರ ಅಂಗೈ ಜಡ್ಡುಗಟ್ಟುವ ಹಾಗೆ ಅಲ್ಲಿ ಗಂಟಾಗುತ್ತದೆ. ಕತ್ತರಿಸಿ ತೆಗೆಯಬಾರದೇ ಎಂದು ಕೇಳಿದೆ. ಕೂಗುವ ಅಭ್ಯಾಸ ಇರುವತನಕ ಅದು ಮತ್ತೆ ಬರುತ್ತದೆ, ಇನ್ನೂ ಬೆಳೆಯುತ್ತಿರುವ ತಂತುವಿಗೆ ಗಾಯದ ಕಲೆ ಉಳಿದರೆ ದನಿಗೆ ಕಾಯಂ ತೊಂದರೆ ಎಂದರು. ಎಷ್ಟೋ ಮಕ್ಕಳಿಗೆ ಹದಿವಯಸ್ಸಿನ ಹೊತ್ತಿಗೆ ತಾನಾಗಿಯೇ ಕರಗುತ್ತದಂತೆ. ಕಿವಿ ಮಂದವಿರುವ ಮಕ್ಕಳೂ ಜೋರಾಗಿ ಮಾತಾಡುತ್ತಾರೆಂದು ಕಿವಿ ಪರೀಕ್ಷೆಯನ್ನೂ ಮಾಡಿಸಿದರು. ಕಿವಿ ಸರಿಯಿತ್ತು.

ಆಮೇಲಿನದೆಲ್ಲ ಸ್ಪೀಚ್ ಥೆರಪಿಸ್ಟ್ ಕೆಲಸ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದರಿಂದ ನಮ್ಮ ಕಡೆಯವರಿಗೆ ಈ ಸಹಾಯ ದೂರದ್ದಲ್ಲ. ನಾವು ಹೋದ ಥೆರಪಿಸ್ಟ್ "ಕೂಗಬೇಡ" ಎಂದು ಒಮ್ಮೆಯೂ ಹೇಳಲಿಲ್ಲ. ಅದು ನನಗೆ ತುಂಬ ಹಿಡಿಸಿತು. ಹಾಗೆ ಹೇಳಿದರೆ ಒಂಬತ್ತು ವರ್ಷದ ಹುಡುಗ ಕೇಳುವುದಿಲ್ಲ, ಆಟವನ್ನೂ ದ್ವೇಷಿಸುತ್ತಾನೆ. ಬದಲಿಗೆ ಯಾವ ಯಾವ ಹೊತ್ತಿಗೆ ಕೂಗುತ್ತಾನೆಂದು ಅವನಿಂದಲೇ ಪಟ್ಟಿ ಮಾಡಿಸಿದರು. ಮನೆಯೊಳಗೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಕೂಗುವುದು ನಿಂತಿತು. ಆ ನಿಯಮ ನಮಗೂ ಅನ್ವಯ. ಮೈದಾನದಲ್ಲಿ ಗೋಲಿನ ಹಲಗೆಗೆ ಸ್ಟಿಕ್‌ನಿಂದ ಒಂದು ಸಲ ಬಡಿದರೆ ಎಡ, ಎರಡು ಸಲ ಬಡಿದರೆ ಬಲ ಎಂದು ಕೋಚ್ ಸರ್ ಒಪ್ಪಿದರು. ಪದೇ ಪದೇ ಗಂಟಲು ಕೆರೆಯುವ ಬದಲು ಒಂದು ಗುಟುಕು ನೀರು. ಪಿಸುಗುಟ್ಟುವುದೂ ಬೇಡ, ಬಿಗಿಹಿಡಿದು ಪಿಸುಗುಟ್ಟಿದರೆ ಗಂಟಲಿಗೆ ಆಯಾಸವೇ. ದಿನಾ ಲೋಟದ ನೀರಿನಲ್ಲಿ ಸ್ಟ್ರಾ ಅದ್ದಿ, "ಊ" ಎನ್ನುತ್ತಾ ಗುಳ್ಳೆ ಎಬ್ಬಿಸುವ ಅಭ್ಯಾಸ. ತಂತುಗಳು ಪೆಟ್ಟು ತಿನ್ನದೆ ಹಗುರವಾಗಿ ಕಂಪಿಸಲು ಅದು.

ದನಿ ಮೆಲ್ಲನೆ ತಿಳಿಯಾಯಿತು. ದಸರಾ ರಜೆಯಲ್ಲಿ ಮತ್ತೆ ಕ್ಯಾಮೆರಾ ಇಟ್ಟು ನೋಡಿದಾಗ ಉಬ್ಬುಗಳು ಚಿಕ್ಕದಾಗಿದ್ದವು, ಪೂರ್ತಿ ಹೋಗಿರಲಿಲ್ಲ. ಪಂದ್ಯ ಇದ್ದ ದಿನ ಈಗಲೂ ಸ್ವಲ್ಪ ಒಡೆಯುತ್ತದೆ, ಎರಡು ದಿನದಲ್ಲಿ ಸರಿಹೋಗುತ್ತದೆ. ಹಾಗೆ ಸರಿಹೋಗುತ್ತಿರುವ ತನಕ ಬರಬೇಕಾಗಿಲ್ಲ, ಉಸಿರಿನಲ್ಲಿ ಸದ್ದು ಕೇಳಿದರೆ ಮಾತ್ರ ಅದೇ ದಿನ ಹೊರಟುಬನ್ನಿ ಎಂದಿದ್ದಾರೆ ಡಾಕ್ಟರು.