ಬಾಯಿಯ ಲೀಸು, ಕಾಗದದ ಲೀಸು

14 ಜುಲೈ 2024, ಭಾನುವಾರ
ಬೆಂಗಳೂರು

ದಾವಣಗೆರೆಯಿಂದ ಇಲ್ಲಿಗೆ ವರ್ಗವಾಗಿ ಬಂದಿರುವ ಅಕ್ಕನ ಮಗನಿಗೆ ಬಾಡಿಗೆ ಮನೆ ನೋಡುವುದಕ್ಕಾಗಿ ಈ ದಿನವೆಲ್ಲ ಕೆಂಗೇರಿಯ ಸುತ್ತಮುತ್ತ ತಿರುಗಾಟವಾಯಿತು. ಮನೆ ಹುಡುಕುವವರು, ತೋರಿಸುವವರು ಮತ್ತು ಕೊಡುವವರು ಆಡುವ ಮಾತಿನಲ್ಲಿ ಇಂಗ್ಲಿಷ್ ಪದಗಳೇ ಹೆಚ್ಚು. ಆದರೆ ಆ ಪದಗಳನ್ನು ಇಂಗ್ಲಿಷಿನವರ ಮುಂದೆ ಅದೇ ಅರ್ಥದಲ್ಲಿ ಬಳಸಿದರೆ ಅವರಿಗೆ ಒಂದೂ ಸರಿಯಾಗಿ ತಿಳಿಯಲಾರದು. ಬ್ರೋಕರ್ ಮೊದಲ ಮನೆಯನ್ನು ತೋರಿಸುತ್ತ, "ಮೇಲಿನ ಪೋರ್ಷನ್ ಸಾರ್, ಮೋಲ್ಡ್ ಮನೆ, ಸಂಪು ದೊಡ್ಡದಿದೆ, ನೀರಿಗೆ ತೊಂದರೆ ಇಲ್ಲ" ಎಂದ. ಇದರಲ್ಲಿ ಪೋರ್ಷನ್ ಎಂದರೆ ಯಾವುದೋ ಒಂದರ ಪಾಲಲ್ಲ, ಒಂದೇ ಕಟ್ಟಡದಲ್ಲಿ ಬೇರೆ ಬಾಗಿಲು, ಬೇರೆ ಮೀಟರ್ ಇರುವ ಒಂದು ಸಂಸಾರದ ವಾಸಸ್ಥಳ. ಮೋಲ್ಡ್ ಎಂದರೆ ಕಾಂಕ್ರೀಟು ಸುರಿಯುವ ಅಚ್ಚಲ್ಲ. ಆ ಅಚ್ಚು ತೆಗೆದ ಮೇಲೆ ತಲೆಯ ಮೇಲೆ ಉಳಿಯುವ ಚಾವಣಿ, ಅಂದರೆ ಶೀಟ್ ಮನೆಯಲ್ಲದ ಮನೆ. ಇನ್ನು ಇಂಗ್ಲಿಷಿನಲ್ಲಿ ಕೊಳೆ ನೀರೋ ಬಳಸಿದ ಎಣ್ಣೆಯೋ ಇಳಿದು ನಿಲ್ಲುವ ಗುಂಡಿಯಾಗಿದ್ದ ಸಂಪು ನಮ್ಮಲ್ಲಿ ಕಾವೇರಿ ನೀರನ್ನು ತುಂಬಿಸಿಡುವ ನೆಲತೊಟ್ಟಿಯಾಗಿದೆ. ಅದರ ಮುಚ್ಚಳದ ಮೇಲೆ ಚಪ್ಪಲಿ ಬಿಟ್ಟರೂ ಬೈಯುವ ಓನರುಗಳಿದ್ದಾರೆ.

ಓನರಮ್ಮನವರು ಕೇಳಿದ ಮೊದಲ ಪ್ರಶ್ನೆ, "ಫ್ಯಾಮಿಲಿನಾ, ಬ್ಯಾಚುಲರ್ರಾ?" ಎಂಬುದು. ತನಗೆ ಮದುವೆಯಾಗಿದೆ, ಹೆಂಡತಿ ಅಲ್ಲಿಯೇ ಶಾಲೆಯಲ್ಲಿ ಕೆಲಸದಲ್ಲಿದ್ದಾಳೆ, ಮುಂದಿನ ವರ್ಷ ಬರುತ್ತಾಳೆ ಎಂದು ಹುಡುಗ ವಿವರವಾಗಿ ಹೇಳಿದ. ಅವರು ಕೇಳಿಸಿಕೊಂಡು, "ಹಾಗಾದ್ರೆ ಫ್ಯಾಮಿಲಿ ಬರೋವರೆಗೂ ಬ್ಯಾಚುಲರ್ರೇ ಅಲ್ವೇನಪ್ಪ" ಎಂದು ತೀರ್ಮಾನ ಕೊಟ್ಟರು. ಆ ಒಂದು ವಾಕ್ಯದಲ್ಲಿ ಫ್ಯಾಮಿಲಿ ಎಂದರೆ ಹೆಂಡತಿ, ಬ್ಯಾಚುಲರ್ ಎಂದರೆ ಹೆಂಗಸರಿಲ್ಲದ ಮನೆಯಲ್ಲಿರುವ ಗಂಡಸು. ಹೆಂಡತಿಯನ್ನು ನೇರವಾಗಿ ಹೆಸರಿಸುವುದಕ್ಕೆ ಸಂಕೋಚಪಡುವ ನಮ್ಮ ಹಿಂದಿನ ತಲೆಮಾರು "ಮನೆಯವರು" ಎನ್ನುತ್ತಿದ್ದುದನ್ನು ನೆನೆದರೆ ಫ್ಯಾಮಿಲಿಗೆ ಈ ಅರ್ಥ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಪದ ಮಾತ್ರ ಹೊಸದು, ಸಂಕೋಚ ಹಳೆಯದೇ.

ಆದರೆ ಈ ದಿನ ನನ್ನನ್ನು ಹೆಚ್ಚು ಹೊತ್ತು ಹಿಡಿದು ಕೂರಿಸಿದ್ದು ಬೇರೆಯೇ ಒಂದು ಪದ. ಮೂರನೆಯ ಮನೆಯ ಗೇಟಿನ ಬಳಿ ಬ್ರೋಕರ್ ಹೇಳಿದ: "ಸಾರ್, ರೆಂಟ್‌ಗಾದ್ರೆ ಹನ್ನೆರಡು ಸಾವಿರ, ಒಂದು ಲಕ್ಷ ಅಡ್ವಾನ್ಸು. ಲೀಸ್‌ಗಾದ್ರೆ ಎಂಟು ಲಕ್ಷ, ಮೂರು ವರ್ಷ, ಬಾಡಿಗೆ ಗೀಡಿಗೆ ಏನೂ ಇಲ್ಲ." ಇಂಗ್ಲಿಷಿನಲ್ಲಿ ಲೀಸ್ ಮತ್ತು ರೆಂಟ್ ಒಂದಕ್ಕೊಂದು ಎದುರಾದ ಪದಗಳಲ್ಲ: ಲೀಸ್ ಎನ್ನುವುದು ಒಪ್ಪಂದ, ರೆಂಟ್ ಎನ್ನುವುದು ಆ ಒಪ್ಪಂದದ ಪ್ರಕಾರ ತೆರುವ ಹಣ. ಕನ್ನಡದ ಮಾತಿನಲ್ಲಿ ಇವೆರಡೂ ಬೇರೆ ಬೇರೆ ದಾರಿಗಳು. ಲೀಸಿಗೆ ಮನೆ ಹಿಡಿಯುವವರು ಒಂದು ದೊಡ್ಡ ಮೊತ್ತವನ್ನು ಒಮ್ಮೆಗೇ ಕೊಡುತ್ತಾರೆ, ಅವಧಿ ಮುಗಿಯುವವರೆಗೆ ಬಾಡಿಗೆಯಿಲ್ಲದೆ ಇರುತ್ತಾರೆ, ಹೊರಡುವ ದಿನ ಅಷ್ಟೂ ಹಣವನ್ನು ಬಡ್ಡಿಯಿಲ್ಲದೆ ಹಿಂದಕ್ಕೆ ಪಡೆಯುತ್ತಾರೆ. ಹಣಕ್ಕೆ ಬಡ್ಡಿಯಿಲ್ಲ, ಮನೆಗೆ ಬಾಡಿಗೆಯಿಲ್ಲ ಎಂಬುದೇ ಇದರ ಸೂತ್ರ.

ಈ ವ್ಯವಹಾರಕ್ಕೆ ನಮ್ಮಲ್ಲಿ ಹೆಸರಿರಲಿಲ್ಲವೆಂದಲ್ಲ; ಇದು ಭೋಗ್ಯ. ಹಳ್ಳಿಯ ಕಡೆ ಇಂದಿಗೂ "ಆ ಗದ್ದೆ ಭೋಗ್ಯಕ್ಕೆ ಹಾಕಿದ್ದಾರೆ" ಎಂದರೆ, ಸಾಲ ಕೊಟ್ಟವರು ಸಾಲ ತೀರುವವರೆಗೆ ಅದನ್ನು ಉತ್ತು ಬೆಳೆ ತೆಗೆದುಕೊಳ್ಳುತ್ತಿದ್ದಾರೆ, ಆ ಬೆಳೆಯೇ ಬಡ್ಡಿ ಎಂದು ಎಲ್ಲರಿಗೂ ಗೊತ್ತು. ಪಟ್ಟಣದ ಮನೆಗಳಿಗೂ ಭೋಗ್ಯ ಎಂಬ ಮಾತು ನಡೆಯುತ್ತಿತ್ತು. ಅದರ ಜಾಗಕ್ಕೆ ಲೀಸ್ ಬಂದು ಕುಳಿತದ್ದಕ್ಕೆ ನನಗೆ ತೋರುವ ಕಾರಣ ಮರ್ಯಾದೆಯದು. ಮನೆಯನ್ನು ಭೋಗ್ಯಕ್ಕೆ ಹಾಕಿದ್ದೇನೆ ಎಂದರೆ ಸಾಲ ಮಾಡಿದ್ದೇನೆ ಎಂದೇ ಅರ್ಥ. ಲೀಸಿಗೆ ಕೊಟ್ಟಿದ್ದೇನೆ ಎಂದರೆ ಕೊಟ್ಟವರ ಕೈ ಮೇಲಾಗುತ್ತದೆ. ಸಾಲ ಎಂಬುದು ಆ ಪದದೊಳಗೆ ಕಾಣಿಸದಂತೆ ಅಡಗಿತು.

ಸಾಲ ಅಡಗಿರುವುದು ಲೆಕ್ಕ ಹಾಕಿದಾಗ ಬಯಲಾಗುತ್ತದೆ. ಬಾಡಿಗೆಗೆ ಹಿಡಿದರೂ ಒಂದು ಲಕ್ಷ ಹೇಗೂ ಕೊಡಬೇಕಾದ್ದರಿಂದ, ಲೀಸಿಗೆ ಹೆಚ್ಚಾಗಿ ಹಾಕಬೇಕಾದದ್ದು 7 ಲಕ್ಷ. ಬ್ಯಾಂಕಿನಲ್ಲಿ ಶೇಕಡಾ 7ರಂತೆ ಇಟ್ಟಿದ್ದರೆ ಅದು ವರ್ಷಕ್ಕೆ 49,000 ರೂಪಾಯಿ ಬಡ್ಡಿ ತರುತ್ತಿತ್ತು. ಉಳಿಯುವ ಬಾಡಿಗೆ ವರ್ಷಕ್ಕೆ 1,44,000. ಆದ್ದರಿಂದ ಹಿಡಿದವನಿಗೆ ವರ್ಷಕ್ಕೆ 95,000 ರೂಪಾಯಿ ಲಾಭ. ಹಾಗಾದರೆ ಈ ನಷ್ಟವನ್ನು ಓನರ್ ಏಕೆ ಹೊರುತ್ತಾರೆ? ಅವರಿಗೆ ಎಂಟು ಲಕ್ಷ ಬೇಕಾಗಿದ್ದು, ಬ್ಯಾಂಕು ಕೊಡದೆ, ಹೊರಗಡೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಗೆ ತರಬೇಕಾಗಿದ್ದರೆ ತಿಂಗಳಿಗೆ 16,000 ಕಟ್ಟಬೇಕಾಗುತ್ತಿತ್ತು. ಅದರ ಬದಲು ಅವರು ಬಿಟ್ಟುಕೊಡುವುದು 12,000 ಬಾಡಿಗೆಯನ್ನು ಮಾತ್ರ. ಹಾಗಾಗಿ ಬಾಡಿಗೆಗೆ ಹೋಲಿಸಿದರೆ ಲೀಸು ಎಷ್ಟು ಅಗ್ಗವಾಗಿ ಕಾಣುತ್ತದೆಯೋ, ಓನರಿಗೆ ಹಣದ ಅಡಚಣೆ ಅಷ್ಟು ಹೆಚ್ಚಿರಬಹುದೆಂದು ಊಹಿಸುವುದು ಕ್ಷೇಮ. ಎಲ್ಲರೂ ಹಾಗೆಯೇ ಎನ್ನಲಾರೆ. ಮಗಳ ಮದುವೆಗೋ ಮೇಲಂತಸ್ತು ಕಟ್ಟುವುದಕ್ಕೋ ಲೀಸಿಗೆ ಕೊಟ್ಟು, ಹೇಳಿದ ದಿನಕ್ಕೆ ಹಣ ಎಣಿಸಿಕೊಟ್ಟವರನ್ನೂ ಕಂಡಿದ್ದೇನೆ.

ಬಾಯಲ್ಲಿ ಆಡುವವರೆಗೆ ಈ ಅರ್ಥಪಲ್ಲಟದಿಂದ ಯಾರಿಗೂ ಬಾಧಕವಿಲ್ಲ, ಏಕೆಂದರೆ ಆಡುವವರಿಗೂ ಕೇಳುವವರಿಗೂ ಲೀಸ್ ಎಂದರೆ ಏನೆಂದು ಒಂದೇ ತಿಳಿವಳಿಕೆಯಿದೆ. ತೊಡಕು ಹುಟ್ಟುವುದು ಆ ಪದ ಮತ್ತೆ ಇಂಗ್ಲಿಷ್ ಕಾಗದದ ಮೇಲೆ ಏರಿದಾಗ, ಏಕೆಂದರೆ ಅಲ್ಲಿ ಅದಕ್ಕೆ ಹಳೆಯ ಅರ್ಥವೇ ಮರಳುತ್ತದೆ. ಬ್ರೋಕರ್ ತನ್ನ ಚೀಲದಿಂದ ತೆಗೆದ ಮಾದರಿ ಕರಾರು ಇ-ಸ್ಟ್ಯಾಂಪ್ ಕಾಗದದ ಮೇಲೆ ಇಂಗ್ಲಿಷಿನಲ್ಲಿತ್ತು. ತಲೆಬರಹ ಲೀಸ್ ಅಗ್ರಿಮೆಂಟ್ ಎಂದು, ಅವಧಿ 11 ತಿಂಗಳು. ಬಾಯಲ್ಲಿ ಮೂರು ವರ್ಷ, ಕಾಗದದಲ್ಲಿ 11 ತಿಂಗಳು ಏಕೆ ಎಂದರೆ, ಒಂದು ವರ್ಷ ಮೀರಿದ ಲೀಸನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು; ಅದನ್ನು ತಪ್ಪಿಸಲು ಹೀಗೆ ಬರೆದು, ಮುಗಿದಾಗಲೆಲ್ಲ ಹೊಸ ಕಾಗದ ಮಾಡುತ್ತಾರೆ.

1882ರ ಸ್ವತ್ತು ವರ್ಗಾವಣೆ ಕಾಯ್ದೆಯಲ್ಲಿ ಲೀಸಿನ ವಿವರಣೆ 105ನೆಯ ಕಲಮಿನಲ್ಲಿದೆ, ಮತ್ತು ಅದು ಬೆಲೆಗೋ ಬಾಡಿಗೆಗೋ ಪ್ರತಿಯಾಗಿ ಸ್ವತ್ತನ್ನು ಅನುಭವಿಸುವ ಹಕ್ಕು. ನಮ್ಮ ಬಾಯಿಯ ಲೀಸು ಅಲ್ಲಿಲ್ಲ, ಅಡಮಾನಗಳ ಸಾಲಿನಲ್ಲಿ 58ನೆಯ ಕಲಮಿನಲ್ಲಿದೆ: ಸಾಲಗಾರ ಸ್ವತ್ತನ್ನು ಸಾಲ ಕೊಟ್ಟವನ ವಶಕ್ಕೆ ಒಪ್ಪಿಸಿ, ಬಡ್ಡಿಗೆ ಬದಲಾಗಿ ಅದರ ಉತ್ಪತ್ತಿಯನ್ನು ಅನುಭವಿಸಲು ಬಿಡುವ ಅಡಮಾನ. ಅದರ ಮರುಕಲಮಿನ ಪ್ರಕಾರ ಸಾಲದ ಮೊತ್ತ ನೂರು ರೂಪಾಯಿ ಅಥವಾ ಹೆಚ್ಚಿದ್ದರೆ ಇಂಥ ಅಡಮಾನ ನೋಂದಣಿಯಾದ ಪತ್ರದಿಂದಲೇ ಆಗಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳ ರುಜು ಇರಬೇಕು. ಎಂಟು ಲಕ್ಷ ಕೊಟ್ಟವನ ಕೈಯಲ್ಲಿ ನೋಂದಣಿಯಾಗದ ಲೀಸ್ ಅಗ್ರಿಮೆಂಟ್ ಮಾತ್ರ ಇದ್ದರೆ, ಮನೆಯನ್ನು ಆಧಾರವಾಗಿ ಹಿಡಿದಿದ್ದೇನೆಂದು ಹೇಳಿಕೊಳ್ಳುವುದು ಅವನಿಗೆ ಕಷ್ಟ. ಅವನ ಹಣ ಓನರ್ ಎಂಬ ವ್ಯಕ್ತಿಯಿಂದ ಬರಬೇಕಾದ ಬಾಕಿಯಾಗುತ್ತದೆಯೇ ಹೊರತು ಮನೆಯ ಮೇಲಿನ ಋಣವಾಗುವುದಿಲ್ಲ. ಆ ಮನೆ ಅದಕ್ಕೂ ಮೊದಲೇ ಬ್ಯಾಂಕಿಗೆ ಅಡವಾಗಿದ್ದು, ಕಂತು ಕಟ್ಟದೆ ಹರಾಜಿಗೆ ಬಂದರೆ ಮೊದಲ ಹಕ್ಕು ಬ್ಯಾಂಕಿನದು. ಹಣ ಕೊಟ್ಟು ವಾಸವಾಗಿರುವವರಿಗೆ ವಿಷಯ ಗೊತ್ತಾಗುವುದು ಅನೇಕ ವೇಳೆ ಗೋಡೆಗೆ ನೋಟಿಸು ಅಂಟಿಸಿದ ಮೇಲೆಯೇ.

ಆದ್ದರಿಂದ ಮಧ್ಯಾಹ್ನ ಓನರ್ ಬಂದಾಗ ನಾನು ಎರಡೇ ವಿಷಯ ಕೇಳಿದೆ. ಒಂದು, ಕ್ರಯಪತ್ರದ ಮೂಲಪ್ರತಿ ನೋಡಬಹುದೇ ಎಂದು. ಅವರು ಜೆರಾಕ್ಸ್ ತೋರಿಸಿದರು. (ಕಂಪನಿಯೊಂದರ ಹೆಸರು ಯಾವ ಯಂತ್ರದಲ್ಲಿ ತೆಗೆದರೂ ನಕಲಿಗೇ ಹೆಸರಾಗಿ, ಅದರ ಎದುರಿಗೆ ಒರಿಜಿನಲ್ ಎಂಬುದು ವಿಶೇಷಣ ಹೋಗಿ ಕಾಗದದ ಹೆಸರಾಗಿರುವುದು ಇನ್ನೊಂದು ದಿನದ ಬರಹಕ್ಕಿರಲಿ.) ಒರಿಜಿನಲ್ ಎಲ್ಲಿದೆ ಎಂದರೆ "ಬ್ಯಾಂಕಲ್ಲಿದೆ, ಸ್ವಲ್ಪ ಲೋನ್ ಇದೆ ಅಷ್ಟೆ" ಎಂದರು. ಎರಡನೆಯದು, ಭೋಗ್ಯದ ಪತ್ರವೆಂದೇ ಬರೆಸಿ ನೋಂದಣಿ ಮಾಡಿಸಿಕೊಡುವಿರಾ ಎಂದು. ನೋಂದಣಿಯಾದರೆ ಅದು ಇಸಿಯಲ್ಲಿ, ಅಂದರೆ ಋಣಭಾರ ಪ್ರಮಾಣಪತ್ರದಲ್ಲಿ, ಕಾಣಿಸುತ್ತದೆ. ಮುಂದೆ ಕೊಳ್ಳುವವರಿಗೂ ಸಾಲ ಕೊಡುವವರಿಗೂ ತಿಳಿಯುತ್ತದೆ. ಆದರೆ ಅದಕ್ಕೆ ಮುದ್ರಾಂಕ ಶುಲ್ಕ ಸಾಲದ ಮೊತ್ತದ ಮೇಲೆ ಶೇಕಡಾವಾರು ಲೆಕ್ಕದಲ್ಲಿ ಬೀಳುವುದರಿಂದ ಎರಡು ಕಡೆಯವರಿಗೂ ಭಾರವೆನಿಸುವುದು ಸಹಜ. ಓನರು ಖರ್ಚಿನ ಮಾತನ್ನು ಎತ್ತಲೇ ಇಲ್ಲ. "ಭೋಗ್ಯ ಗೀಗ್ಯ ಎಲ್ಲ ಬೇಡಿ ಸಾರ್, ನಾವೇನು ಮನೆ ಅಡ ಇಡ್ತಿಲ್ಲ, ಲೀಸಿಗೆ ಕೊಡ್ತಿದ್ದೀವಿ" ಎಂದರು. ಅವರು ಮೋಸಗಾರರಂತೆ ನನಗೆ ಕಾಣಲಿಲ್ಲ. ಅವರ ಮಟ್ಟಿಗೆ ಎರಡು ಪದಗಳೂ ನಿಜವಾಗಿ ಬೇರೆ ಬೇರೆ ವ್ಯವಹಾರಗಳೇ ಆಗಿದ್ದವು.

ಸಂಜೆ ಐದರ ಹೊತ್ತಿಗೆ ಮೊದಲ ಮನೆಯನ್ನೇ, ಬ್ಯಾಚುಲರ್ ಎನಿಸಿಕೊಂಡೇ, ಬಾಡಿಗೆಗೆ ಹಿಡಿಯುವುದೆಂದು ನಿಶ್ಚಯವಾಯಿತು. ಹತ್ತು ಸಾವಿರ ಟೋಕನ್ ಕೊಟ್ಟೆವು, ಮಿಕ್ಕ ಅಡ್ವಾನ್ಸು ಕರಾರಿನ ದಿನ. ಅಡ್ವಾನ್ಸ್ ಕೂಡ ಎರಡು ನಾಲಗೆಯ ಪದವೇ. ಸೈಟು ಕೊಳ್ಳುವಾಗ ಕೊಟ್ಟ ಅಡ್ವಾನ್ಸು ಬೆಲೆಯಲ್ಲಿ ಮುರಿದುಹೋಗುತ್ತದೆ, ಕೂಲಿಗೆ ಕೊಟ್ಟದ್ದು ಕೆಲಸದಲ್ಲಿ ತೀರುತ್ತದೆ, ಬಾಡಿಗೆ ಮನೆಯ ಅಡ್ವಾನ್ಸು ಮಾತ್ರ ಬಾಡಿಗೆಯಲ್ಲಿ ಒಂದು ರೂಪಾಯಿಯೂ ಮುರಿಯದೆ ಬಿಡುವವರೆಗೆ ಓನರ ಬಳಿ ಇದ್ದು ಹಿಂದಕ್ಕೆ ಬರಬೇಕು. ಕರಾರಿನಲ್ಲಿ ಆ ಒಂದೇ ಪದವನ್ನು ಬರೆದು ಬಿಡದೆ, ಮನೆ ಖಾಲಿ ಮಾಡಿದ ದಿನ ಹಿಂದಿರುಗಿಸತಕ್ಕ ಭದ್ರತಾ ಠೇವಣಿ ಎಂದು ಕನ್ನಡದಲ್ಲಿಯೇ ಬರೆಸುವಂತೆ ಹುಡುಗನಿಗೆ ಹೇಳಿದ್ದೇನೆ. ಪೇಂಟಿಂಗ್ ಬಾಬ್ತು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತೇವೆ ಎಂದು ಓನರಮ್ಮ ಮೊದಲೇ ತಿಳಿಸಿದರು. ಎರಡು ವರ್ಷಕ್ಕೂ ಮೊದಲೇ ಬಿಟ್ಟರೆ ಮಾತ್ರವೋ ಎಷ್ಟು ವರ್ಷ ಇದ್ದರೂ ಹೀಗೆಯೋ ಎಂಬುದಿನ್ನೂ ಇತ್ಯರ್ಥವಾಗಿಲ್ಲ. ಗುರುವಾರ ಬೀಗದ ಕೈ ಕೊಡುವಾಗ ಮಾತಾಡೋಣ ಎಂದಿದ್ದಾರೆ.