ಹಳೇ ಬಿಲ್ಡಿಂಗ್ ಫೋಟೊಗೆ ಹೊಸ ಬಣ್ಣ: ಮೊದಲು ಹಳೇ ಬಣ್ಣವನ್ನು ಭಾಗಿಸಿ ತೆಗೆಯಿರಿ

ದಾವಣಗೆರೆಯ ಒಂದು ಆರ್ಕಿಟೆಕ್ಟ್ ಆಫೀಸಿನಲ್ಲಿ ನನ್ನ ಕೆಲಸ. ಹಳೇ ಕಟ್ಟಡಗಳನ್ನು ನವೀಕರಿಸುವವರು ನಮ್ಮಲ್ಲಿಗೆ ಜಾಸ್ತಿ ಬರುತ್ತಾರೆ. ಅವರಿಗೆ ಪೂರ್ತಿ ತ್ರೀಡಿ ಮಾಡೆಲ್ ಬೇಕಿಲ್ಲ. "ನಮ್ಮ ಬಿಲ್ಡಿಂಗೇ ಹೊಸ ಬಣ್ಣದಲ್ಲಿ ಹೆಂಗ್ ಕಾಣುತ್ತೆ ತೋರ್ಸಿ" ಅನ್ನುತ್ತಾರೆ. ಅದಕ್ಕೆ ಇರುವ ಫೋಟೊವನ್ನೇ ಫೋಟೊಶಾಪ್‌ನಲ್ಲಿ ಎಡಿಟ್ ಮಾಡಿ ಕೊಡುತ್ತೇವೆ. ಈಚೆಗೆ ಮಾಡಿದ ಒಂದು ಬಿಲ್ಡಿಂಗ್ ಇಟ್ಟುಕೊಂಡು ಈ ಕೆಲಸ ಹೇಗೆ ನಡೆಯುತ್ತದೆ ಅಂತ ಬರೆಯುತ್ತಿದ್ದೇನೆ.

ಕೆಳಗೆ ಅಂಗಡಿಗಳು, ಮೇಲೆ ಎರಡು ಅಂತಸ್ತು ಮನೆಗಳು. ಒಂದು ಪಕ್ಕಕ್ಕೆ ಮೆಟ್ಟಿಲಿನ ಗೋಪುರ. ಗೋಡೆಗೆಲ್ಲ ಮಾಸಿದ ಪಿಸ್ತಾ ಹಸಿರು. ಯಜಮಾನರಿಗೆ ಗೋಡೆ ದಂತದ ಬಣ್ಣ ಆಗಬೇಕು, ಸಜ್ಜಾ ಮತ್ತು ಪ್ಯಾರಾಪೆಟ್ ಕಡುಬೂದು, ಮೆಟ್ಟಿಲಿನ ಗೋಪುರಕ್ಕೆ ಮೇಲಿಂದ ಕೆಳಗಿನ ತನಕ ಕಲ್ಲಿನ ಕ್ಲಾಡಿಂಗ್.

ಫೋಟೊ ತೆಗೆದದ್ದು ತೆಳು ಮೋಡದ ಬೆಳಿಗ್ಗೆ. ಚುರುಕು ಬಿಸಿಲಿದ್ದರೆ ಸಜ್ಜಾದ ನೆರಳು ಗೋಡೆ ಮೇಲೆ ಕಪ್ಪಗೆ ಬೀಳುತ್ತದೆ, ಆ ಕಪ್ಪಿನಿಂದ ಬಣ್ಣ ಹೊರಗೆ ತೆಗೆಯುವುದು ಕಷ್ಟ. ಎದುರು ಅಂಗಡಿಯ ಮಹಡಿ ಹತ್ತಿ ತೆಗೆದೆವು, ಹಾಗಾಗಿ ಕ್ಯಾಮೆರಾವನ್ನು ಮೇಲಕ್ಕೆ ವಾಲಿಸುವ ಪ್ರಮೇಯ ಬರಲಿಲ್ಲ. ಮೊಬೈಲಿನ 0.5 ಲೆನ್ಸ್ ಮಾತ್ರ ಬೇಡ. ಅಂಚಿನಲ್ಲಿರುವ ಗೋಡೆ ಎಳೆದ ಹಾಗೆ ಆಗುತ್ತದೆ, ಆಮೇಲೆ ಕ್ಲಾಡಿಂಗ್ ಅಳತೆ ಕೂರುವುದಿಲ್ಲ. ಕರೆಂಟ್ ತಂತಿ, ಟ್ರಾನ್ಸ್‌ಫಾರ್ಮರ್ ಇವನ್ನೆಲ್ಲ ನಾನು ಅಳಿಸುವುದಿಲ್ಲ. ಬಣ್ಣ ಹೊಡೆದ ಮೇಲೂ ಅವು ಅಲ್ಲೇ ಇರುತ್ತವೆ ತಾನೆ?

ಮುಂದಿನ ಗೋಡೆ, ಪಕ್ಕದ ಗೋಡೆ, ಸಜ್ಜಾ, ಪ್ಯಾರಾಪೆಟ್, ಗೋಪುರ, ಗ್ರಿಲ್ಲು, ಒಂದೊಂದಕ್ಕೂ ಬೇರೆ ಬೇರೆ ಮಾಸ್ಕ್, ಅಂದರೆ ಬಣ್ಣ ಆ ಭಾಗಕ್ಕೆ ಮಾತ್ರ ಕೂರುವಂತೆ ಕತ್ತರಿಸಿದ ಅಚ್ಚು. ಪೆನ್ ಟೂಲ್ ಹಿಡಿದು ಅಂಚು ಅಂಚಿಗೆ ಹೋಗುವ ಬೇಸರದ ಕೆಲಸ ಇದು, ಇದರ ಬಗ್ಗೆ ಹೇಳುವಂಥದ್ದು ಹೆಚ್ಚೇನೂ ಇಲ್ಲ. ಮಾಸ್ಕ್ ಚೆನ್ನಾಗಿದ್ದರೆ ಆಮೇಲೆ ಯಜಮಾನರು ಎಷ್ಟು ಸಲ ಬಣ್ಣ ಬದಲಾಯಿಸಿದರೂ ನಮಗೆ ಅದು ಒಂದು ನಿಮಿಷದ ಕೆಲಸ.

ನಿಜವಾದ ವಿಷಯ ಬಣ್ಣ ಹಾಕುವುದರಲ್ಲಿದೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಸಾಮಾನ್ಯವಾಗಿ ಗೋಡೆಯನ್ನು ಆರಿಸಿ, ಮೇಲೆ ದಂತದ ಬಣ್ಣದ ಪದರ ಇಟ್ಟು, Multiply ಕೊಡುತ್ತಾರೆ. ಬರುವುದು ಕೊಳಕು ಹಸಿರು. Multiply ಯಾವತ್ತೂ ಕಪ್ಪು ಮಾಡುತ್ತದೆಯೇ ಹೊರತು ತಿಳಿ ಮಾಡುವುದಿಲ್ಲ, ಕೆಳಗಿನ ಹಸಿರು ಹಾಗೇ ಇಣುಕುತ್ತದೆ. ಆಗ ಕೆಲವರು ಗೋಡೆಯನ್ನು ಮೊದಲು ಬ್ಲಾಕ್ ಅಂಡ್ ವೈಟ್ ಮಾಡುತ್ತಾರೆ. ಹಸಿರೇನೋ ಹೋಗುತ್ತದೆ, ಆದರೆ ಜೊತೆಗೆ ಬೆಳಕಿನ ಬಣ್ಣವೂ ಹೋಗುತ್ತದೆ. ನೆರಳಿನಲ್ಲಿರುವ ಪಕ್ಕದ ಗೋಡೆಗೆ ಆಕಾಶದ ನೀಲಿ ಬಿದ್ದಿರುತ್ತದೆ, ಕೆಳಭಾಗಕ್ಕೆ ರಸ್ತೆಯ ಮಣ್ಣಿನ ಬಿಸಿ ಬಣ್ಣ ತಾಗಿರುತ್ತದೆ. ಅದೆಲ್ಲ ಹೋದರೆ ಬಿಲ್ಡಿಂಗ್ ಪ್ಲಾಸ್ಟಿಕ್ ಆಟಿಕೆ ಥರ ಕಾಣುತ್ತದೆ. ಏನು ತಪ್ಪಾಗಿದೆ ಅಂತ ಯಜಮಾನರಿಗೆ ಹೇಳಲು ಬರುವುದಿಲ್ಲ, "ಯಾಕೋ ಸರಿ ಇಲ್ಲ" ಅನ್ನುತ್ತಾರೆ.

ನಾನು ಮಾಡುವುದು ಭಾಗಾಕಾರ. ಫೋಟೊದಲ್ಲಿ ಕಾಣುವ ಗೋಡೆ ಅಂದರೆ ಗೋಡೆಯ ಬಣ್ಣ ಗುಣಿಸು ಅಲ್ಲಿ ಬಿದ್ದ ಬೆಳಕು. ಹಳೇ ಬಣ್ಣದಿಂದ ಭಾಗಿಸಿದರೆ ಬೆಳಕು ಮಾತ್ರ ಉಳಿಯುತ್ತದೆ. ಫೋಟೊಶಾಪ್‌ನಲ್ಲಿ Solid Color ಪದರಕ್ಕೆ Divide ಅನ್ನುವ ಮೋಡ್ ಇದೆ. ಗೋಡೆಯ ಚೊಕ್ಕಟವಾದ, ಅತಿ ಹೆಚ್ಚು ಬೆಳಕಿರುವ ಜಾಗದಲ್ಲಿ ಐಡ್ರಾಪರ್ ಒತ್ತಬೇಕು. ಒಂದೇ ಪಿಕ್ಸೆಲ್ ಅಲ್ಲ, 31 by 31 Average ಇಟ್ಟುಕೊಂಡು. ನಮ್ಮ ಫೋಟೊದಲ್ಲಿ ಅದು ಕೆಂಪು, ಹಸಿರು, ನೀಲಿ ಕ್ರಮದಲ್ಲಿ 168, 182, 150 ಬಂತು. ಅದೇ ಬಣ್ಣವನ್ನು Divide ಪದರಕ್ಕೆ ಕೊಟ್ಟರೆ ಮುಂದಿನ ಗೋಡೆ ಬಿಳಿಯಾಯಿತು. ನೆರಳಿನ ಪಕ್ಕದ ಗೋಡೆ ಮೊದಲು 92, 106, 98 ಇತ್ತು, ಭಾಗಿಸಿದ ಮೇಲೆ 140, 149, 167 ಆಯಿತು. ಗಮನಿಸಿ, ಹಸಿರು ಪೂರ್ತಿ ಹೋಗಿ ಕೊನೆಯ ಅಂಕಿ, ಅಂದರೆ ನೀಲಿ, ಮುಂದೆ ಬಂದಿದೆ. ಅದೇ ಆಕಾಶದ ನೀಲಿ. ಈಗ ಇದರ ಮೇಲೆ ದಂತದ ಬಣ್ಣದ ಪದರವನ್ನು Multiply ಇಟ್ಟರೆ, ನಿಜವಾಗಿ ಬಣ್ಣ ಹೊಡೆದ ಗೋಡೆ ನೆರಳಿನಲ್ಲಿ ಹೇಗೆ ಕಾಣಬೇಕೋ ಹಾಗೇ ಕಾಣುತ್ತದೆ.

ಆರಿಸಿದ ಜಾಗಕ್ಕಿಂತ ಬೆಳಗಿದ ಕಡೆಗಳೆಲ್ಲ ಕೊನೆಯ ಮಿತಿಯಾದ 255ಕ್ಕೆ ಮುಟ್ಟಿ ಚಪ್ಪಟೆಯಾಗುತ್ತವೆ, ಗಿಲಾವಿನ ತರಿ ಮಾಯವಾಗುತ್ತದೆ. ಅದಕ್ಕೇ ಅತಿ ಹೆಚ್ಚು ಬೆಳಕಿರುವ ಜಾಗ ಅಂದದ್ದು.

ಇಷ್ಟಕ್ಕೇ ಕೊಟ್ಟರೆ ಗೋಡೆ ತೀರಾ ಬೆಳ್ಳಗೆ ಹೊಳೆಯುತ್ತದೆ. ಪರೀಕ್ಷೆ ಸುಲಭ. ಅದೇ ಗೋಡೆ ಮೇಲೆ ಒಂದು ಮೆಡಿಕಲ್ ಶಾಪಿನ ಹೊಸ ಬೋರ್ಡ್ ಇತ್ತು, ಅಪ್ಪಟ ಬಿಳಿ. ಫೋಟೊದಲ್ಲಿ ಆ ಬಿಳಿ 225ರ ಸುತ್ತ ಇತ್ತು. ನಮ್ಮ ದಂತದ ಬಣ್ಣ 240 ಇದ್ದರೆ ಬಿಳಿ ಬೋರ್ಡಿಗಿಂತ ಗೋಡೆಯೇ ಬಿಳಿ ಅಂತಾಯಿತು, ಅದು ಸಾಧ್ಯವೇ ಇಲ್ಲ. ಗೋಡೆಯ ಪದರಗಳ ಮೇಲೆ Levels ಇಟ್ಟು, Output Levels ಸಾಲಿನ ಬಿಳಿ ತುದಿಯನ್ನು 225ಕ್ಕೆ ಇಳಿಸಿದೆ. ಗೋಡೆ 212ಕ್ಕೆ ಬಂದು ಕೂತಿತು. ನಡುವಿನ ಸ್ಲೈಡರ್ ಮುಟ್ಟಬಾರದು, ಅದನ್ನು ಎಳೆದರೆ ಬಿಸಿಲಿಗೂ ನೆರಳಿಗೂ ಇರುವ ಅನುಪಾತ ಕೆಡುತ್ತದೆ.

ಭಾಗಾಕಾರ ಇನ್ನೊಂದನ್ನೂ ಎತ್ತಿ ತೋರಿಸುತ್ತದೆ. ಹಸಿರು ಹೋದ ಕೂಡಲೇ ಪ್ಯಾರಾಪೆಟ್ ಕೆಳಗಿನ ಕಪ್ಪು ಪಟ್ಟೆಗಳು, ಬಾತ್‌ರೂಮ್ ಪೈಪಿನ ಅಕ್ಕಪಕ್ಕದ ತೇವದ ಕಲೆಗಳು ಎದ್ದು ಕಂಡವು. ಇವನ್ನು ಹೀಲಿಂಗ್ ಬ್ರಷ್‌ನಲ್ಲಿ ತೆಗೆಯಬಹುದು, ತೆಗೆಯಲೂ ಬೇಕು, ಇಲ್ಲದಿದ್ದರೆ ಹೊಸ ಬಣ್ಣ ಹಳತಾಗಿ ಕಾಣುತ್ತದೆ. ಆದರೆ ಅದನ್ನು ಬೇರೆ ಪದರದಲ್ಲಿ ಮಾಡಿ, ಅದಕ್ಕೆ "ಕಲೆ" ಅಂತ ಹೆಸರಿಟ್ಟಿರುತ್ತೇನೆ. ಯಜಮಾನರಿಗೆ ಎರಡು ಚಿತ್ರ ಹೋಗುತ್ತವೆ. ಒಂದು ಚೊಕ್ಕಟವಾದದ್ದು, ಇನ್ನೊಂದರಲ್ಲಿ ನಾನು ಅಳಿಸಿದ ಜಾಗಗಳಿಗೆಲ್ಲ ಕೆಂಪು ಸುತ್ತು. ಇದನ್ನು ನೋಡಿ ಅವರು ಕೇಳಿದ್ದು:

"ಇವನ್ನ ನೀನು ಹೆಂಗ್ ತೆಗ್ದೆ, ಹಂಗೇ ಪೇಂಟ್ನೋರೂ ತೆಗಿತಾರಲ್ಲಪ್ಪಾ?"

"ಇಲ್ಲ ಯಜಮಾನ್ರೇ. ಪ್ಯಾರಾಪೆಟ್ ಮೇಲ್ಗಡೆಯಿಂದ ನೀರು ಇಳೀತಾ ಇದೆ. ಅದನ್ನ ನಿಲ್ಲಿಸದೆ ಹೊಡೆದ್ರೆ ಮಳೆಗಾಲ ಮುಗಿಯೋದ್ರೊಳಗೆ ಇದೇ ಪಟ್ಟೆ ವಾಪಸ್ ಬರುತ್ತೆ."

ಮೇಸ್ತ್ರಿ ಹತ್ತಿ ನೋಡಿದಾಗ ಪ್ಯಾರಾಪೆಟ್ ತಲೆಯ ಗಿಲಾವು ಬಿರಿದಿತ್ತು, ಅದರ ಇಳಿಜಾರು ಹೊರಗಡೆಗಿತ್ತು. ಸಜ್ಜಾ ಅಡಿಯಲ್ಲಿ ನೀರು ತೊಟ್ಟಿಕ್ಕಿ ಬೀಳಲು ಬೇಕಾದ ಗ್ರೂವ್ ಕೂಡ ಇರಲಿಲ್ಲ. ಮೊದಲು ಅದಕ್ಕೆ ಖರ್ಚು ಮಾಡಬೇಕು ಅಂತ ಎಸ್ಟಿಮೇಟ್‌ನಲ್ಲಿ ಸೇರಿತು.

ಇನ್ನು ಕ್ಲಾಡಿಂಗ್. ಇಲ್ಲಿ ಮೋಸ ಮಾಡುವುದು ಬಣ್ಣವಲ್ಲ, ಅಳತೆ. ಕ್ಯಾಟಲಾಗಿನ ಫೋಟೊದಲ್ಲಿ ಕಲ್ಲುಗಳು ದೊಡ್ಡದಾಗಿ, ಉಬ್ಬು ತಗ್ಗು ಸಮೇತ ಕಾಣುತ್ತವೆ. ಅದನ್ನೇ ಎತ್ತಿ ಗೋಪುರದ ಮೇಲೆ ಚೆಲ್ಲಿದರೆ ಚಿತ್ರ ಸಖತ್ತಾಗಿರುತ್ತದೆ, ಆದರೆ ಆ ಸೈಜಿನ ಕಲ್ಲು ಮಾರ್ಕೆಟ್ಟಿನಲ್ಲೇ ಸಿಗುವುದಿಲ್ಲ.

ಗೋಪುರದ ಅಗಲ ಟೇಪಿನಲ್ಲಿ 9 ಅಡಿ. ಎತ್ತರಕ್ಕೆ ಏಣಿ ಹಾಕಲಿಲ್ಲ, ಒಳಗೆ ಮೆಟ್ಟಿಲು ಎಣಿಸಿದೆವು. ಒಂದೊಂದು ಮೆಟ್ಟಿಲು 6 ಇಂಚು, 60 ಮೆಟ್ಟಿಲು, ಅಂದರೆ 30 ಅಡಿ. ಮೇಲಿನ ಹೆಡ್‌ರೂಮ್ 8 ಅಡಿ. ಒಟ್ಟು 38. ಒಂದು ಅಡಿಗೆ 100 ಪಿಕ್ಸೆಲ್ ಲೆಕ್ಕದಲ್ಲಿ 900 x 3800 ರ ಹೊಸ ಫೈಲ್ ತೆರೆದು, ಯಜಮಾನರು ಆರಿಸಿದ 6 x 24 ಇಂಚಿನ ಕಲ್ಲುಗಳನ್ನು ಅದರಲ್ಲಿ ಜೋಡಿಸಿದೆ. ಒಂದೇ ಕಲ್ಲಿನ ಫೋಟೊ ಸಾಲು ಸಾಲಾಗಿ ರಿಪೀಟ್ ಆದರೆ ಕಣ್ಣು ತಕ್ಷಣ ಹಿಡಿಯುತ್ತದೆ, ಅದಕ್ಕೆ ಹಲವು ಕಲ್ಲುಗಳ ಫೋಟೊ ತೆಗೆದು ಅದಲು ಬದಲು ಮಾಡಬೇಕು. ಈ ಹಾಳೆಯನ್ನು Smart Object ಮಾಡಿ, Distort ಹಿಡಿದು ಗೋಪುರದ ನಾಲ್ಕು ಮೂಲೆಗೆ ಕೂರಿಸಿ, ಮೇಲೆ ಅದೇ ಭಾಗಿಸಿದ ಬೆಳಕಿನ ಪದರವನ್ನು Multiply ಕೊಟ್ಟೆ.

ದಪ್ಪ ತೋರಿಸುವುದನ್ನು ತುಂಬಾ ಜನ ಬಿಡುತ್ತಾರೆ. ಕಲ್ಲು 20 ಮಿಲಿಮೀಟರ್, ಹಿಂದಿನ ಗಾರೆ ಸೇರಿ ಗೋಡೆ ಒಂದೂವರೆ ಇಂಚು ಮುಂದೆ ಬರುತ್ತದೆ. ಕಿಟಕಿಯ ಸುತ್ತ ಆ ಅಂಚನ್ನೂ ಅದರ ತೆಳು ನೆರಳನ್ನೂ ಬಿಡಿಸುವಾಗ ಗೊತ್ತಾಯಿತು, ಅಲ್ಲಿನ ಹಳೇ ಮರದ ಕಿಟಕಿಗಳು ಹೊರಕ್ಕೆ ತೆರೆದು ಪೂರ್ತಿ ಗೋಡೆಗೆ ಒರಗುವಂಥವು. ಕಲ್ಲು ಬಂದರೆ ಹಾಗೆ ಒರಗುವುದಿಲ್ಲ. ಬರೀ ಟೆಕ್ಸ್ಚರ್ ಅಂಟಿಸಿದ್ದರೆ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ.

ಸರಿಯಾದ ಅಳತೆಯಲ್ಲಿ ಕೂರಿಸಿದ ಮೇಲೆ ಯಜಮಾನರಿಗೆ ಸ್ವಲ್ಪ ನಿರಾಸೆಯೇ ಆಯಿತು. ಮೊಬೈಲಿನಲ್ಲಿ ಇಡೀ ಬಿಲ್ಡಿಂಗ್ ನೋಡಿದರೆ ಗೋಪುರ 900 ಪಿಕ್ಸೆಲ್ ಎತ್ತರ. ಒಂದು ಸಾಲು ಕಲ್ಲಿಗೆ ಸಿಗುವುದು 12 ಪಿಕ್ಸೆಲ್. ಕಲ್ಲು ಅಂತ ಕಾಣುವುದೇ ಇಲ್ಲ, ಬರೀ ಅಡ್ಡಗೆರೆ. "ಇದೇನು, ಕಲ್ಲೇ ಕಾಣ್ತಿಲ್ವಲ್ಲ!" ರಸ್ತೆಯಾಚೆ ನಿಂತು ನೋಡಿದರೂ ಮೇಲಿನ ಅಂತಸ್ತಿನಲ್ಲಿ ಹೆಚ್ಚು ಕಡಿಮೆ ಅಷ್ಟೇ ಕಾಣುವುದು. ಅದಕ್ಕೇ ಬಾಗಿಲ ಹತ್ತಿರದ್ದೊಂದು ಕ್ಲೋಸಪ್ ಚಿತ್ರವನ್ನೂ ಬೇರೆ ಮಾಡಿಕೊಟ್ಟೆ. ಅಲ್ಲಿ ಕಲ್ಲು ಕಲ್ಲಾಗಿಯೇ ಕಂಡಿತು.

ಎರಡನ್ನೂ ಪಕ್ಕ ಪಕ್ಕ ಇಟ್ಟು ನಮ್ಮ ಆರ್ಕಿಟೆಕ್ಟ್ ತೂಕದ ಲೆಕ್ಕ ಹೇಳಿದರು. 20 ಮಿಲಿಮೀಟರ್ ಕಲ್ಲು ಚದರ ಅಡಿಗೆ ಸುಮಾರು 5 ಕೆಜಿ. ಗೋಪುರ 342 ಚದರ ಅಡಿ, ಕಿಟಕಿ ಕಳೆಯದೆ ಲೆಕ್ಕ ಹಾಕಿದರೆ ಗಾರೆ ಬಿಟ್ಟೇ 1,700 ಕೆಜಿ. ಹಳೇ ಗಿಲಾವಿನ ಮೇಲೆ ಅಷ್ಟು ಎತ್ತರಕ್ಕೆ ಬರೀ ಗಾರೆ ನಂಬಿ ಅಂಟಿಸಲು ಅವರು ಒಪ್ಪುವುದಿಲ್ಲ, ಮೇಲಿನ ಕಲ್ಲುಗಳಿಗೆ ಕ್ಲಾಂಪ್ ಬೇಕೇ ಬೇಕು, ಅದಕ್ಕೆ ಬೇರೆ ಖರ್ಚು. ಕೊನೆಗೆ ಮೊದಲ ಸ್ಲ್ಯಾಬ್ ತನಕ ಕಲ್ಲು, ಮೇಲೆ ಅದೇ ಬಣ್ಣದ ಟೆಕ್ಸ್ಚರ್ ಪೇಂಟು ಅಂತ ಆಯಿತು. ರಸ್ತೆಯಿಂದ ನೋಡಿದ ಚಿತ್ರದಲ್ಲಿ ಎರಡಕ್ಕೂ ವ್ಯತ್ಯಾಸ ಹುಡುಕಬೇಕಿತ್ತು. ಮರದ ಕಿಟಕಿಗಳೂ ಬಚಾವಾದವು, ಅವು ಇದ್ದದ್ದು ಮೇಲೆ.

ಬಣ್ಣದ ಕೊನೆಯ ತೀರ್ಮಾನ ಮಾತ್ರ ಫೋಟೊದಲ್ಲಿ ಆಗುವುದಿಲ್ಲ. ಫೈಲನ್ನು ಎಸ್‌ಆರ್‌ಜಿಬಿಗೆ ಬದಲಾಯಿಸಿ, ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸುತ್ತೇನೆ. ಆದರೂ ಯಜಮಾನರ ಮೊಬೈಲಿನಲ್ಲಿ ಒಂಥರಾ, ಮಗಳ ಮೊಬೈಲಿನಲ್ಲಿ ಇನ್ನೊಂಥರಾ. ಕಣ್ಣಿಗೆ ತಂಪು ಅಂತ ಹಳದಿ ಪರದೆಯ ಮೋಡ್ ಆನ್ ಇದ್ದರಂತೂ ದಂತದ ಬಣ್ಣ ಕೆನೆ ಬಣ್ಣವಾಗಿರುತ್ತದೆ. ಚಿತ್ರದಿಂದ ಎರಡು ಮೂರು ಶೇಡ್‌ಗೆ ಇಳಿಸಿಕೊಂಡು, ಶೇಡ್ ಕಾರ್ಡ್ ಹಿಡಿದು, ಆಮೇಲೆ ಗೋಡೆಯಲ್ಲೇ 3 x 3 ಅಡಿ ಜಾಗಕ್ಕೆ ಪ್ರೈಮರ್ ಮೇಲೆ ಎರಡು ಕೋಟು ಹೊಡೆಸಿ ನೋಡಬೇಕು. ಮುಂದಿನ ಗೋಡೆಯಲ್ಲೊಂದು, ನೆರಳಿನ ಗೋಡೆಯಲ್ಲೊಂದು. ದೊಡ್ಡ ಗೋಡೆ ಮೇಲೆ ಬಣ್ಣ ಕಾರ್ಡಿಗಿಂತ ತಿಳಿಯಾಗಿ ಕಾಣುವುದು ಮಾಮೂಲು. ಯಜಮಾನರು ಇಲ್ಲಿ ಒಂದು ಶೇಡ್ ಗಾಢದ ಕಡೆ ಹೋದರು.

ಒಪ್ಪಿಗೆಯಾದ ಮೇಲೆ ಎ3 ಹಾಳೆಯಲ್ಲಿ ಪ್ರಿಂಟ್ ತೆಗೆದು, ಒಂದೊಂದು ಭಾಗಕ್ಕೂ ಗೆರೆ ಎಳೆದು ಶೇಡ್ ಕೋಡ್ ಬರೆದು ಪೇಂಟಿಂಗ್ ಮೇಸ್ತ್ರಿಗೆ ಕೊಟ್ಟೆವು. ಸಜ್ಜಾ ಕಡುಬೂದು ಅಂದರೆ ಅದರ ಅಡಿಭಾಗವೂ ಕಡುಬೂದೋ, ದಂತದ ಬಣ್ಣವೋ ಅನ್ನುವ ಪ್ರಶ್ನೆ ಸಾರವೆಯ ಮೇಲೆ ನಿಂತಾಗಲೇ ಬರುತ್ತದೆ. ನಮ್ಮ ಹಾಳೆಯಲ್ಲಿ ಅದಕ್ಕೊಂದು ಬೇರೆ ಗೆರೆ ಇತ್ತು: ಅಡಿಭಾಗ ದಂತದ ಬಣ್ಣ, ಮುಂದಿನ ಪಟ್ಟಿ ಮಾತ್ರ ಕಡುಬೂದು.