ಏಳು ಪರ್ಸೆಂಟ್ ಅಂದರು, ಟೇಬಲ್ ಹದಿನೇಳೂ ಮುಕ್ಕಾಲು ಅಂತು

ನಾನು ಪೀಣ್ಯದ ಒಂದು ಚಿಕ್ಕ ವರ್ಕ್‌ಶಾಪಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಸೇರಿದ ಹೊಸದರಲ್ಲಿ ನಮ್ಮ ಹಿರಿಯ ಅಕೌಂಟೆಂಟ್ ಸರ್ ನನ್ನ ಕೈಗೆ ಎರಡು ಹಾಳೆ ಕೊಟ್ಟಿದ್ದರು. ಹಳೇ ಪಠ್ಯಪುಸ್ತಕದ ಕೊನೆಯ ಪುಟಗಳ ಜೆರಾಕ್ಸ್ ಅದು. ಅದರ ತುಂಬಾ ಬಡ್ಡಿಯ ಟೇಬಲ್‌ಗಳು. ಎಡಗಡೆ ವರ್ಷಗಳು, ಮೇಲುಗಡೆ ಬಡ್ಡಿ ದರ, ನಡುವೆ ನಾಲ್ಕು ದಶಾಂಶದ ಅಂಕಿಗಳು. "ಕ್ಯಾಲ್ಕುಲೇಟರ್ ಪಕ್ಕಕ್ಕಿಡಮ್ಮ. ಮೊದಲು ಇದನ್ನು ಓದೋದು ಕಲಿ" ಅಂದಿದ್ದರು. ಯಾಕೆ ಹಾಗಂದರು ಅಂತ ಒಂದು ಲೇತ್ ಮಷಿನ್ ಕೊಳ್ಳುವ ಸಮಯದಲ್ಲಿ ನನಗೆ ಅರ್ಥವಾಯಿತು.

ಮಷಿನ್ ಬೆಲೆ 5,00,000 ರೂಪಾಯಿ. ಡೀಲರ್ ಕಡೆಯವರು ಕಂತಿನ ಲೆಕ್ಕ ತಂದಿದ್ದರು. ವರ್ಷಕ್ಕೆ 1,35,000ದಂತೆ ಐದು ಕಂತು. ಒಟ್ಟು 6,75,000. ಜಾಸ್ತಿ ಕೊಡುವುದು 1,75,000, ಅಂದರೆ ವರ್ಷಕ್ಕೆ 35,000. "5 ಲಕ್ಷದ ಮೇಲೆ ಬರೀ 7 ಪರ್ಸೆಂಟ್ ಸರ್" ಅಂದರು. ಬ್ಯಾಂಕಿನವರು ಹೇಳಿದ್ದು 12 ಪರ್ಸೆಂಟ್. ನಮ್ಮ ಯಜಮಾನರಿಗೆ ಡೀಲರ್ ಮಾತು ಹಿಡಿಸಿತ್ತು. "ಸರಿಯಾಗಿದೆಯಾ ನೋಡಿ ಹೇಳಮ್ಮ" ಅಂತ ಕಾಗದ ನನ್ನ ಮೇಜಿಗೆ ಬಂತು.

7 ಪರ್ಸೆಂಟ್ ಸರಿಯಲ್ಲ ಅಂತ ನನಗೆ ಗೊತ್ತಿತ್ತು. ಪ್ರತಿ ಕಂತಿನಲ್ಲೂ ಅಸಲು ಸ್ವಲ್ಪ ತೀರುತ್ತಾ ಹೋಗುತ್ತದೆ. ಆದರೆ ಈ ಫ್ಲಾಟ್ ರೇಟ್ ಲೆಕ್ಕದಲ್ಲಿ ಐದೂ ವರ್ಷ ಪೂರ್ತಿ 5 ಲಕ್ಷಕ್ಕೆ ಬಡ್ಡಿ ಹಾಕುತ್ತಾರೆ. ಹಾಗಾದರೆ ನಿಜವಾದ ದರ ಎಷ್ಟು? ಅದಕ್ಕೆ ಟೇಬಲ್ ಬೇಕು.

ನಾಲ್ಕು ಟೇಬಲ್‌ಗಳಲ್ಲಿ ಯಾವುದು ಅನ್ನುವುದು ಮೊದಲ ಪ್ರಶ್ನೆ. ಎರಡು ಟೇಬಲ್ ಒಂದೇ ಸಲದ ಹಣಕ್ಕೆ, ಇನ್ನೆರಡು ವರ್ಷ ವರ್ಷ ಬರುವ ಸಮನಾದ ಕಂತಿಗೆ. ಎರಡರಲ್ಲೂ ಒಂದು ಮುಂದಿನ ಬೆಲೆ, ಅಂದರೆ ಬಡ್ಡಿ ಸೇರಿ ಮುಂದೆ ಎಷ್ಟಾಗುತ್ತದೆ ಅನ್ನುವುದು. ಇನ್ನೊಂದು ಇವತ್ತಿನ ಬೆಲೆ, ಅಂದರೆ ಮುಂದೆ ಬರುವ ಹಣ ಬಡ್ಡಿ ಕಳೆದರೆ ಇವತ್ತಿಗೆ ಎಷ್ಟು ಅನ್ನುವುದು. ನಮ್ಮದು ಕಂತು, ಮತ್ತು ಮಷಿನ್ ಬೆಲೆ ಇವತ್ತಿನದು. ಹಾಗಾಗಿ ಕಂತಿನ ಇವತ್ತಿನ ಬೆಲೆಯ ಟೇಬಲ್. ಸರಿಯಾದ ಪುಟದಲ್ಲಿದ್ದೀವಾ ಅಂತ ತಿಳಿಯಲು ಸರ್ ಒಂದು ಗುರುತು ಹೇಳಿಕೊಟ್ಟಿದ್ದರು. ಈ ಟೇಬಲ್‌ನಲ್ಲಿ 5ನೇ ವರ್ಷದ ಸಾಲಿನ ಅಂಕಿಗಳೆಲ್ಲ 5ಕ್ಕಿಂತ ಕಡಿಮೆ ಇರಬೇಕು, ಆದರೆ 1ಕ್ಕಿಂತ ಜಾಸ್ತಿ, ಮತ್ತು ಬಲಕ್ಕೆ ಹೋದಂತೆ ಇಳಿಯುತ್ತಾ ಹೋಗಬೇಕು. ಬಲಕ್ಕೆ ಹೋದಂತೆ ಏರಿದರೆ ಅದು ಮುಂದಿನ ಬೆಲೆಯ ಪುಟ. 5ಕ್ಕಿಂತ ಜಾಸ್ತಿ ಇದ್ದರೆ ಅದು ಕಂತಿನ ಮುಂದಿನ ಬೆಲೆಯ ಪುಟ. ಸೊನ್ನೆ ದಶಾಂಶದಲ್ಲಿ ಶುರುವಾದರೆ ಒಂದೇ ಸಲದ ಹಣದ ಇವತ್ತಿನ ಬೆಲೆಯ ಪುಟ.

ದರ ಗೊತ್ತಿಲ್ಲದಾಗ ಟೇಬಲನ್ನು ತಿರುಗಿಸಿ ಓದಬೇಕು. ಸಾಮಾನ್ಯವಾಗಿ ಕಂತನ್ನು ಟೇಬಲ್ ಅಂಕಿಯಾದ ಫ್ಯಾಕ್ಟರ್‌ನಿಂದ ಗುಣಿಸಿದರೆ ಇವತ್ತಿನ ಬೆಲೆ ಬರುತ್ತದೆ. ಇಲ್ಲಿ ಬೆಲೆ, ಕಂತು ಎರಡೂ ಗೊತ್ತು. ಆದ್ದರಿಂದ ಬೆಲೆಯನ್ನು ಕಂತಿನಿಂದ ಭಾಗಿಸಿದರೆ ಫ್ಯಾಕ್ಟರ್ ಸಿಗುತ್ತದೆ. 5,00,000 ಭಾಗ 1,35,000. ಸೊನ್ನೆ ಹೊಡೆದು ಚಿಕ್ಕದು ಮಾಡಿದರೆ 100 ಭಾಗ 27. ಪೆನ್ಸಿಲ್‌ನಲ್ಲೇ ಮಾಡಬಹುದು: 3.7037.

5ನೇ ಸಾಲಿನಲ್ಲಿ ಬೆರಳಿಟ್ಟು ಬಲಕ್ಕೆ ಹೋದೆ. 10 ಪರ್ಸೆಂಟ್ ಕೆಳಗೆ 3.7908, 11ರ ಕೆಳಗೆ 3.6959. ನಮ್ಮ ಅಂಕಿ ಇವೆರಡರ ನಡುವೆ. ಎರಡು ಕಾಲಂ ನಡುವಿನ ಅಂತರ 0.0949. 10ರಿಂದ ನಮ್ಮ ಅಂಕಿಗೆ ಇರುವ ಅಂತರ 0.0871. ಅಂದರೆ ದಾರಿಯ ಹತ್ತರಲ್ಲಿ ಒಂಬತ್ತು ಭಾಗ ದಾಟಿದೆ. ದರ ಸುಮಾರು 10.9 ಪರ್ಸೆಂಟ್. ದರ ಏರಿದಂತೆ ಫ್ಯಾಕ್ಟರ್ ಇಳಿಯುತ್ತದೆ ಅನ್ನುವುದು ನೆನಪಿರಬೇಕು. ಇಲ್ಲದಿದ್ದರೆ ಈ ಹತ್ತರಲ್ಲಿ ಒಂಬತ್ತನ್ನು 11ರ ಕಡೆಯಿಂದ ಅಳೆದು 10.1 ಅಂತ ಬರೆದುಬಿಡುತ್ತೇವೆ.

"7 ಅಲ್ಲ ಸರ್, ಸುಮಾರು 11. ಆದರೂ ಬ್ಯಾಂಕಿಗಿಂತ ಕಡಿಮೆ" ಅಂತ ಬರೆದು ಕಳಿಸಿದೆ. ಬ್ಯಾಂಕಿನ ಕಂತನ್ನೂ ನೋಡಿದ್ದೆ. 12 ಪರ್ಸೆಂಟ್, 5 ವರ್ಷದ ಫ್ಯಾಕ್ಟರ್ 3.6048. 5,00,000ವನ್ನು ಅದರಿಂದ ಭಾಗಿಸಿದರೆ ಸುಮಾರು 1,38,700. ಡೀಲರ್ ಕಂತು 1,35,000. ಎರಡು ರೀತಿಯಲ್ಲೂ ಡೀಲರೇ ಗೆದ್ದಂತೆ ಕಾಣುತ್ತಿತ್ತು.

ನಮ್ಮ ಅಕೌಂಟೆಂಟ್ ಸರ್ ನನ್ನ ಹಾಳೆ ನೋಡಲಿಲ್ಲ. ಡೀಲರ್ ಕಾಗದ ತೆಗೆದುಕೊಂಡು, "ಮೊದಲ ಕಂತು ಯಾವಾಗ?" ಅಂತ ಕೇಳಿದರು. ಓದಿದೆ. "ಮಷಿನ್ ಇಳಿಸುವ ದಿನ." ನಾನು ಆ ಸಾಲು ಓದಿಯೇ ಇರಲಿಲ್ಲ.

ತಪ್ಪಾಗಿದ್ದು ಇಲ್ಲೇ. ಅಚ್ಚಾದ ಟೇಬಲ್‌ಗಳು ಸಾಮಾನ್ಯವಾಗಿ ಕಂತು ವರ್ಷದ ಕೊನೆಗೆ ಬರುತ್ತದೆ ಅಂತಲೇ ಲೆಕ್ಕ ಹಾಕಿರುತ್ತವೆ. ಮೊದಲ ಕಂತು ಇವತ್ತೇ ಕೊಟ್ಟರೆ ಅದಕ್ಕೆ ಬಡ್ಡಿಯೇ ಇಲ್ಲ. ನಮಗೆ ನಿಜವಾಗಿ ಸಿಗುವ ಸಾಲ 5,00,000 ಅಲ್ಲ, 3,65,000. ತೀರಿಸುವುದು ನಾಲ್ಕು ಕಂತಿನಲ್ಲಿ. 365 ಭಾಗ 135 ಮಾಡಿದರೆ 2.7037. ಹಳೇ ಫ್ಯಾಕ್ಟರ್‌ನಲ್ಲಿ ಸರಿಯಾಗಿ 1 ಕಳೆದಷ್ಟು, ಗಮನಿಸಿದಿರಾ? ಇವತ್ತು ಕೊಡುವ ಒಂದು ಕಂತಿನ ಇವತ್ತಿನ ಬೆಲೆ ಒಂದು ಕಂತೇ. ಹಾಗಾಗಿ ಮೊದಲ ಕಂತು ಮುಂಚೆ ಇದ್ದರೆ ಫ್ಯಾಕ್ಟರ್‌ನಲ್ಲಿ 1 ಕಳೆದು, ಒಂದು ವರ್ಷ ಮೇಲಿನ ಸಾಲಿನಲ್ಲಿ ಹುಡುಕಬೇಕು. ಹೊಸ ಟೇಬಲ್ ಬೇಡ.

4ನೇ ಸಾಲಿನಲ್ಲಿ 17 ಪರ್ಸೆಂಟ್ ಕೆಳಗೆ 2.7432, 18ರ ಕೆಳಗೆ 2.6901. ಅಂತರ 0.0531. ನಮ್ಮದು 17ರಿಂದ 0.0395 ದೂರ, ಹತ್ತಿರ ಹತ್ತಿರ ಮುಕ್ಕಾಲು ದಾರಿ. 17.74 ಪರ್ಸೆಂಟ್. ಬರೆದ ಕೈ ಅಲ್ಲೇ ನಿಂತಿತು. ಅದೇ ಕಂತು, ಅದೇ ಮೊತ್ತ. ಒಂದೇ ಒಂದು ತಾರೀಕು ದರವನ್ನು 11ರಿಂದ ಹದಿನೇಳೂ ಮುಕ್ಕಾಲಿಗೆ ಒಯ್ದಿತ್ತು.

ನಂಬಲಾಗದೆ ಸಾಲದ ಲೆಕ್ಕವನ್ನೇ ಇಳಿಸಿ ಬರೆದೆ. 3,65,000ಕ್ಕೆ 17.74ರಂತೆ ಬಡ್ಡಿ 64,751. ಸೇರಿಸಿ, ಕಂತು ಕಳೆದರೆ ಉಳಿದದ್ದು 2,94,751. ಮುಂದಿನ ವರ್ಷ 2,12,040. ಆಮೇಲೆ 1,14,656. ನಾಲ್ಕನೇ ಕಂತು ಕಟ್ಟಿದಾಗ ವ್ಯತ್ಯಾಸ ಬರೀ ನಾಲ್ಕು ರೂಪಾಯಿ. ಟೇಬಲ್‌ನಿಂದ ಬಂದ ದರ ಸರಿಯೇ ಅಂತ ತಿಳಿಯಲು ಇದಕ್ಕಿಂತ ಒಳ್ಳೆ ಪರೀಕ್ಷೆ ನನಗೆ ಗೊತ್ತಿಲ್ಲ. ಕೊನೆಗೆ ಸೊನ್ನೆಯ ಹತ್ತಿರ ಬರದಿದ್ದರೆ ಸಾಲೋ ಕಾಲಮೋ ತಪ್ಪಿದೆ ಎಂದರ್ಥ.

ನಡುವಿನ ಅಂಕಿ ಹೀಗೆ ಹುಡುಕುವಾಗ ಒಂದು ಎಚ್ಚರಿಕೆ ಬೇಕು. ಫ್ಯಾಕ್ಟರ್ ನೇರ ಗೆರೆಯಲ್ಲಿ ಇಳಿಯುವುದಿಲ್ಲ, ಬಾಗಿ ಇಳಿಯುತ್ತದೆ. ಹಾಗಾಗಿ ಉತ್ತರ ಸ್ವಲ್ಪ ಜಾಸ್ತಿಯೇ ಬರುತ್ತದೆ. ಕಾಲಂಗಳು ಪಕ್ಕಪಕ್ಕದಲ್ಲಿದ್ದರೆ ತೊಂದರೆ ಇಲ್ಲ. ನನ್ನ ಮೊದಲ ಲೆಕ್ಕವನ್ನೇ 10 ಮತ್ತು 15ರ ಕಾಲಂ ಹಿಡಿದು ಮಾಡಿದರೆ 10.92ರ ಬದಲು 10.99 ಬರುತ್ತದೆ. ದರಗಳು ಹತ್ತಿರ ಹತ್ತಿರ ಇದ್ದಾಗ ಅಷ್ಟೂ ದೊಡ್ಡದೇ. ತಿಂಗಳ ಕಂತಾದರೆ ಇನ್ನೊಂದು ವಿಷಯ. ವರ್ಷಕ್ಕೆ 12 ಅಂದರೆ 1 ಪರ್ಸೆಂಟ್ ಕಾಲಂ, ಮತ್ತು ಸಾಲು ತಿಂಗಳುಗಳ ಲೆಕ್ಕದಲ್ಲಿ. 12ರ ಕಾಲಂಗೆ ಹೋಗಬಾರದು.

ಯಜಮಾನರಿಗೆ ಪರ್ಸೆಂಟ್ ಹೇಳಿ ಪ್ರಯೋಜನವಿಲ್ಲ, ರೂಪಾಯಿಯಲ್ಲಿ ಹೇಳು ಅಂದರು ಸರ್. ಹಾಗೇ ಮಾಡಿದೆ. ಆ 1,35,000ವನ್ನು ನಾವೇ ಕೈಯಿಂದ ಹಾಕಿ, ಬ್ಯಾಂಕಿನಿಂದ 3,65,000 ಮಾತ್ರ ತೆಗೆದುಕೊಂಡರೆ? 12 ಪರ್ಸೆಂಟ್, 4 ವರ್ಷದ ಫ್ಯಾಕ್ಟರ್ 3.0373. ಕಂತು ಸುಮಾರು 1,20,200. ಡೀಲರ್ ಕಂತಿಗಿಂತ ವರ್ಷಕ್ಕೆ 14,800 ಕಡಿಮೆ, ನಾಲ್ಕು ವರ್ಷ.

ಯಜಮಾನರು ಹಾಳೆಯನ್ನು ಎರಡು ಸಲ ಓದಿದರು. ಆಮೇಲೆ ಡೀಲರ್‌ಗೆ ಫೋನ್ ಮಾಡಿ, ಮೊದಲ ಕಂತು ವರ್ಷದ ಕೊನೆಗೆ ಹಾಕಿದರೆ ಒಪ್ಪುತ್ತೇನೆ ಅಂದರು. ಅವರು ಒಪ್ಪಲಿಲ್ಲ. ನಾವು ಬ್ಯಾಂಕಿಗೆ ಹೋದೆವು.